ಎಡಗಡೆ ಇದ್ದವರನ್ನು ಯಾರೂ ಕೇಳಲಿಲ್ಲ

ಬನದ ಹುಣ್ಣಿಮೆಯ ಜಾತ್ರೆ ವರದಿಗೆಂದು ನಾವು ನಾಲ್ಕು ಜನ ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಸೇರಿದ್ದೆವು. ಬೈಲಹೊಂಗಲದವನೊಬ್ಬ, ಕಿತ್ತೂರಿನವನೊಬ್ಬ, ರಾಮದುರ್ಗದವನೊಬ್ಬ, ಸವದತ್ತಿಯವನೊಬ್ಬ. ಗುಡ್ಡದಲ್ಲಿ ನೆಟ್‌ವರ್ಕ್ ಸರಿ ಸಿಗುತ್ತಿರಲಿಲ್ಲ. ಕೆಳಗೆ ಇಳಿದು ಚಹಾದ ಅಂಗಡಿ ಮುಂದೆ ನಿಂತಾಗ ನಾಲ್ಕೂ ಫೋನು ಒಮ್ಮೆಲೇ ಗುಂಯ್ ಅಂದವು. ನಾಲ್ಕು ತಾಲ್ಲೂಕಿನ ನಾಲ್ಕು ಬೇರೆ ಬೇರೆ ಗ್ರೂಪಿಗೆ ಒಂದೇ ಚಿತ್ರ ಬಂದಿತ್ತು. ಯಾರದೋ ವಾಟ್ಸಾಪ್ ಚಾಟಿನ ಸ್ಕ್ರೀನ್‌ಶಾಟ್. ಒಬ್ಬ ಕಾಲೇಜು ಹುಡುಗಿ, ಒಬ್ಬ ಗಂಡಸು.

ನಾವು ಏನು ಮಾಡಿದೆವು? ಎಲ್ಲರೂ ಮಾಡುವುದನ್ನೇ ಮಾಡಿದೆವು. ಎರಡು ಬೆರಳು ಇಟ್ಟು ದೊಡ್ಡದು ಮಾಡಿ, ಮೇಲಿನ ಹೆಸರಿನಿಂದ ಕೆಳಗಿನ ಕೊನೇ ಸಾಲಿನ ತನಕ ಓದಿದೆವು. ಚಹಾ ಆರಿಹೋಯಿತು. ಓದಿ ಮುಗಿಸಿದ ಮೇಲೆ ನಮ್ಮಲ್ಲೊಬ್ಬ ಕೇಳಿದ ಮೊದಲ ಮಾತು, "ಇದು ಖರೇ ಐತೇನಪಾ?" ಇದನ್ನು ನಾವು ಓದಬಹುದೇನು ಅಂತ ಯಾರೂ ಕೇಳಲಿಲ್ಲ.

ಅದರಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಯಾವ ಊರು ಅಂತಲೂ ಹೇಳುವುದಿಲ್ಲ. ನಾವು ಅದನ್ನು ಸುದ್ದಿ ಮಾಡಲಿಲ್ಲ, ಅದು ಹೌದು. ಆದರೆ ಅಷ್ಟಕ್ಕೇ ನಾವು ಸಾಚಾ ಅಂದುಕೊಂಡಿದ್ದು ತಪ್ಪಾಯಿತು. ಖರೇ ಸುಳ್ಳು ಪತ್ತೆ ಮಾಡಬೇಕಂತ ಆ ಚಿತ್ರವನ್ನು ನಾವೇ ಪರಿಚಯದವರಿಗೆ ಕಳಿಸಿದೆವು. ಒಬ್ಬೊಬ್ಬರು ಇಬ್ಬರಿಗೆ ಕಳಿಸಿದರೂ ಎಂಟು ಜನ ಆಯಿತು. ಆ ಎಂಟು ಜನರ ಫೋನಿಗೆ ಅದು ಹೋಗಿದ್ದು ಪತ್ರಕರ್ತರ ಕೈಯಿಂದ. "ನೋಡ್ರಿ, ಪೇಪರ್‌ನವರೇ ಕಳಿಸ್ಯಾರ" ಅನ್ನುವ ಮುದ್ರೆ ಒತ್ತಿ ಕೊಟ್ಟ ಹಾಗಾಯಿತು. ಮುಂದೆ ಆ ಹುಡುಗಿ ಕಾಲೇಜಿಗೆ ಬರುವುದು ನಿಂತಿತು ಅಂತ ಕೇಳಿದೆವು. ಅವಳನ್ನು ನಾವು ಕಂಡಿಲ್ಲ. ಕಾಣಲು ಹೋಗುವ ಮುಖವೂ ನಮಗಿಲ್ಲ.

ಆಮೇಲೆ ಒಂದು ದಿನ ಬೈಲಹೊಂಗಲದಲ್ಲಿ ನಾಲ್ಕೂ ಜನ ಕೂತು, ಸ್ಕ್ರೀನ್‌ಶಾಟ್ ಅಂದರೆ ನಿಜಕ್ಕೂ ಏನು ಅಂತ ಬಿಚ್ಚಿ ನೋಡಿದೆವು. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನಮಗೆ ಇದನ್ನು ಯಾರೂ ಕಲಿಸಿರಲಿಲ್ಲ.

ಮೊದಲು ಬಲ ಎಡದ ಲೆಕ್ಕ. ವಾಟ್ಸಾಪ್ ಚಾಟಿನಲ್ಲಿ ಬಲಗಡೆ ಬರುವ ಮಾತು ಆ ಫೋನು ಹಿಡಿದವರದು. ಎಡಗಡೆ ಬರುವುದು ಎದುರಿನವರದು. ಟಿಕ್ ಗುರುತುಗಳು ಬಲಗಡೆಯ ಮಾತಿಗೆ ಮಾತ್ರ ಇರುತ್ತವೆ. ಹಾಗಾದರೆ ಯಾವುದೇ ಸ್ಕ್ರೀನ್‌ಶಾಟ್ ಬಂದರೂ, ಒಂದಕ್ಷರ ಓದದೆಯೇ ಒಂದು ವಿಷಯ ಗೊತ್ತಾಗುತ್ತದೆ: ಇದನ್ನು ತೆಗೆದದ್ದು ಬಲಗಡೆಯವರ ಫೋನಿನಲ್ಲಿ. ಅವರೇ ತೆಗೆದಿರಬೇಕು, ಇಲ್ಲವೇ ಅವರ ಫೋನು ಕಸಿದುಕೊಂಡವರು ತೆಗೆದಿರಬೇಕು. ಎಡಗಡೆಯವರಿಗೆ ಇದರ ಸುಳಿವೂ ಇರುವುದಿಲ್ಲ. ಸಾದಾ ಚಾಟಿನ ಸ್ಕ್ರೀನ್‌ಶಾಟ್ ತೆಗೆದರೆ ವಾಟ್ಸಾಪ್ ಎದುರಿನವರಿಗೆ ತಿಳಿಸುವುದಿಲ್ಲ. ನಾವು ಗುಡ್ಡದ ಕೆಳಗೆ ನೋಡಿದ ಚಿತ್ರದಲ್ಲಿ ಹುಡುಗಿ ಎಡಗಡೆ ಇದ್ದಳು. ಇಷ್ಟು ಸಣ್ಣ ಸಂಗತಿ ಆವತ್ತು ನಮ್ಮ ನಾಲ್ವರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ನಮ್ಮ ಕಣ್ಣು ಮಾತಿನ ಮೇಲಿತ್ತು.

ಎರಡನೆಯದು ಹೆಸರು. ಚಾಟಿನ ತಲೆಯ ಮೇಲೆ ಕಾಣುವ ಹೆಸರು ವಾಟ್ಸಾಪ್ ಕೊಟ್ಟದ್ದಲ್ಲ. ಆ ಫೋನಿನವರು ಯಾವ ಹೆಸರಿನಿಂದ ನಂಬರ್ ಸೇವ್ ಮಾಡಿಕೊಂಡಿದ್ದಾರೋ ಅದು. ನಮ್ಮ ರಾಮದುರ್ಗದ ಗೆಳೆಯ ತನ್ನ ಎರಡನೇ ಸಿಮ್ಮಿನ ನಂಬರನ್ನು ಕಿತ್ತೂರಿನವನ ಹೆಸರಿನಲ್ಲಿ ಸೇವ್ ಮಾಡಿದ. ಆ ನಂಬರಿನ ಪ್ರೊಫೈಲಿಗೆ ಕಿತ್ತೂರಿನವನ ಫೋಟೋ ಹಾಕಿದ. ತನಗೆ ತಾನೇ ಎರಡೂ ಕಡೆಯಿಂದ ಬರೆದುಕೊಂಡ. "ಸುದ್ದಿ ಹಾಕಬ್ಯಾಡಂದ್ರ ಐದು ಸಾವಿರ ಕೊಡು" ಅಂತ ಕಿತ್ತೂರಿನವನು ಕೇಳಿದ ಹಾಗೆ ಚಾಟ್ ತಯಾರಾಯಿತು. ಚಹಾ ಕುದಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಯಾವ ಆಪ್ ಬೇಕಾಗಲಿಲ್ಲ. ಕಿತ್ತೂರಿನವನು ಅದನ್ನು ನೋಡಿ ನಕ್ಕ, ಆಮೇಲೆ ಸುಮ್ಮನಾದ. "ಲೇ, ಅಳಿಸು ಮೊದಲ ಅದನ್ನ" ಅಂದ.

ಮೂರನೆಯದು ನಮ್ಮನ್ನು ನಿಜಕ್ಕೂ ಬೆಚ್ಚಿಸಿತು. ಸುಳ್ಳು ಹೆಸರು ಬೇಡ, ಸುಳ್ಳು ಮಾತೂ ಬೇಡ. ಖರೇ ಚಾಟಿನಿಂದಲೇ ಸುಳ್ಳು ಮಾಡಬಹುದು. ವಾಟ್ಸಾಪಿನಲ್ಲಿ ಒಂದು ಮಾತನ್ನು ಎರಡು ರೀತಿಯಲ್ಲಿ ಅಳಿಸಬಹುದು. ಎಲ್ಲರಿಗೂ ಅಳಿಸಿದರೆ, ಇಲ್ಲೊಂದು ಮೆಸೇಜ್ ಅಳಿಸಲಾಗಿದೆ ಅನ್ನುವ ಗುರುತು ಉಳಿಯುತ್ತದೆ. ನನ್ನ ಫೋನಿನಲ್ಲಿ ಮಾತ್ರ ಅಳಿಸು ಅಂದರೆ ಗುರುತೇ ಉಳಿಯುವುದಿಲ್ಲ. ಮೇಲಿನ ಮಾತು ಕೆಳಗಿನ ಮಾತು ಬಂದು ಕೂಡಿಕೊಳ್ಳುತ್ತವೆ. ನನ್ನ ಮಾತನ್ನಷ್ಟೇ ಅಲ್ಲ, ಎದುರಿನವರ ಮಾತನ್ನೂ ನನ್ನ ಫೋನಿನಿಂದ ಹೀಗೆ ತೆಗೆಯಬಹುದು.

ನಾವು ಮಾಡಿ ನೋಡಿದ್ದು ಹೀಗಿತ್ತು. ಇಬ್ಬರು ಗೆಳೆಯರು ನಾಲ್ಕು ಸಾಲು ಬರೆದರು. ಬಲಗಡೆಯವನು, "ಒಬ್ಬಾಕೀನ ಬರ್ತೀಯೇನು?" ಎಡಗಡೆಯಿಂದ, "ಇಲ್ರಿ, ಅವ್ವನ ಜೋಡಿ ಬರ್ತೀನಿ." ಮತ್ತೆ ಬಲಗಡೆಯವನು, "ಸ್ಕಾಲರ್‌ಶಿಪ್ ಅರ್ಜಿಗೆ ನಾಳೆ ಕಡೀ ದಿನ, ಮರೀಬ್ಯಾಡ." ಎಡಗಡೆಯಿಂದ, "ಹೂಂನ್ರಿ, ಬರ್ತೀನಿ." ಈಗ ನಡುವಿನ ಎರಡು ಸಾಲು ತನ್ನ ಫೋನಿನಲ್ಲಿ ಅಳಿಸಿದ. ಉಳಿದದ್ದು ಓದಿ: "ಒಬ್ಬಾಕೀನ ಬರ್ತೀಯೇನು?" "ಹೂಂನ್ರಿ, ಬರ್ತೀನಿ." ಒಂದಕ್ಷರ ಹೊಸದಾಗಿ ಸೇರಿಸಿಲ್ಲ. ಸಮಯ ಸರಿಯಾಗಿದೆ, ನಂಬರ್ ಅವರದೇ, ಮಾತು ಅವರವೇ. ಇದನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಕತ್ತರಿ ಆಡಿದ ಜಾಗ ಸಿಗುವುದಿಲ್ಲ. ಅವರು ಒಂದು ಮಾತನ್ನು ಹಿಡಿದು ಅದಕ್ಕೇ ಉತ್ತರ ಕೊಟ್ಟಿದ್ದರೆ ಆ ಹಳೇ ಮಾತಿನ ತುಣುಕು ಉತ್ತರದ ಮೇಲೆ ಉಳಿದಿರುತ್ತದೆ, ಅಲ್ಲಿ ಒಮ್ಮೊಮ್ಮೆ ಸಿಕ್ಕಿಬೀಳಬಹುದು. ಹಾಗೆ ಉತ್ತರ ಕೊಡುವವರು ನಮ್ಮ ಕಡೆ ಎಷ್ಟು ಮಂದಿ?

ಇನ್ನು ದಿನಾಂಕ. ಪ್ರತಿ ಮಾತಿನ ಪಕ್ಕ ಗಂಟೆ ನಿಮಿಷ ಇರುತ್ತದೆ, ದಿನಾಂಕ ಇರುವುದಿಲ್ಲ. ಅದು ಆ ದಿನದ ಮೊದಲ ಮಾತಿನ ಮೇಲಷ್ಟೇ ಕಾಣುತ್ತದೆ. ಅದನ್ನು ಬಿಟ್ಟು ಕೆಳಗಿನ ತುಂಡು ತೆಗೆದರೆ ಮೂರು ವರ್ಷ ಹಿಂದಿನ ಚಾಟೂ ನಿನ್ನೆ ರಾತ್ರಿಯದು ಆಗುತ್ತದೆ. ಗ್ಯಾಲರಿಯಲ್ಲಿ ಚಿತ್ರದ ಫೈಲ್ ಹೆಸರು ನೋಡಿದರೂ ಉಪಯೋಗವಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ IMG-20240125-WA0012.jpg ಅಂತ ಇದ್ದರೆ ಅದು ನಿಮ್ಮ ಫೋನಿಗೆ ಬಂದು ಇಳಿದ ದಿನ, ಚಾಟ್ ನಡೆದ ದಿನವಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇವೆ ಅಂದರೆ, ಚೆನ್ನಾಗಿ ಓದಿದರೆ ಖರೇ ಸುಳ್ಳು ಗೊತ್ತಾಗುತ್ತದೆ ಅನ್ನುವ ನಂಬಿಕೆ ನಮಗೂ ಇತ್ತು. ಅದು ಓದುವ ಚಟಕ್ಕೆ ನಾವು ಕೊಟ್ಟುಕೊಂಡ ನೆಪ. ಬರೀ ಚಿತ್ರ ಓದಿ ಸತ್ಯ ತಿಳಿಯಲು ಬರುವುದಿಲ್ಲ. ಓದಿದ್ದರಿಂದ ಆಗುವುದು ಒಂದೇ, ಇನ್ನೊಬ್ಬರ ಮನೆಯ ಮಾತು ನಮ್ಮ ತಲೆಯಲ್ಲಿ ಕೂರುವುದು.

ಇದು ಹಳ್ಳಿಯ ಮಾತಷ್ಟೇ ಅಲ್ಲ. ನಮ್ಮ ರಾಜ್ಯದ ಇಬ್ಬರು ಹಿರಿಯ ಅಧಿಕಾರಿಗಳ ನಡುವೆ ನಡೆದದ್ದು ನಿಮಗೆ ನೆನಪಿರಬಹುದು. 2023ರ ಫೆಬ್ರವರಿಯಲ್ಲಿ ಐಪಿಎಸ್ ಅಧಿಕಾರಿ ಡಿ. ರೂಪಾ ಅವರು ಐಎಎಸ್ ಅಧಿಕಾರಿ ರೋಹಿಣಿ ಸಿಂಧೂರಿ ಅವರ ಖಾಸಗಿ ಚಿತ್ರಗಳನ್ನು ಫೇಸ್‌ಬುಕ್‌ನಲ್ಲಿ ಹಾಕಿದರು. ಇವನ್ನು ರೋಹಿಣಿ ಅವರು ಕೆಲವು ಐಎಎಸ್ ಅಧಿಕಾರಿಗಳಿಗೆ ಕಳಿಸಿದ್ದರು, ಇದು ನಡತೆಯ ಪ್ರಶ್ನೆ ಅನ್ನುವುದು ರೂಪಾ ಅವರ ಆರೋಪ. ರೋಹಿಣಿ ಅವರು ಅದನ್ನು ಒಪ್ಪಲಿಲ್ಲ. ತಮ್ಮ ಸಾಮಾಜಿಕ ಜಾಲತಾಣದ ಚಿತ್ರಗಳನ್ನೂ ವಾಟ್ಸಾಪ್ ಸ್ಟೇಟಸ್‌ನ ಸ್ಕ್ರೀನ್‌ಶಾಟ್‌ಗಳನ್ನೂ ಕೂಡಿಹಾಕಿ ತಮ್ಮ ಹೆಸರು ಕೆಡಿಸುತ್ತಿದ್ದಾರೆ ಅಂದರು.

ಇಬ್ಬರ ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿತ್ರ ಅವೇ. ಒಬ್ಬರ ಪ್ರಕಾರ ಅದು ಗುಟ್ಟಾಗಿ ಒಬ್ಬೊಬ್ಬರಿಗೆ ಕಳಿಸಿದ್ದು. ಇನ್ನೊಬ್ಬರ ಪ್ರಕಾರ ತಮ್ಮ ನಂಬರ್ ಇದ್ದವರು ನೋಡಲಿ ಅಂತ ಸ್ಟೇಟಸ್‌ಗೆ ಇಟ್ಟಿದ್ದು. ಇಡೀ ಜಗಳ ಇದ್ದದ್ದು ಆ ಚಿತ್ರ ಎಲ್ಲಿಂದ ಎಲ್ಲಿಗೆ ಹೋಗಿತ್ತು ಅನ್ನುವುದರ ಮೇಲೆ. ಅದು ಚಿತ್ರದೊಳಗೆ ಎಲ್ಲೂ ಬರೆದಿಲ್ಲ. ಆ ವಾರ ಬೈಲಹೊಂಗಲದ ಕಟಿಂಗ್ ಅಂಗಡಿಯಿಂದ ಬೆಂಗಳೂರಿನ ಟಿವಿ ಸ್ಟುಡಿಯೊ ತನಕ ಲಕ್ಷಾಂತರ ಜನ ಅವನ್ನು ದೊಡ್ಡದು ಮಾಡಿ ನೋಡಿದರು. ಒಬ್ಬರಿಗೂ ಈ ಪ್ರಶ್ನೆಗೆ ಉತ್ತರ ಸಿಕ್ಕಿರಲಾರದು. ಚಿತ್ರದ ಜೊತೆಗೆ ರೂಪಾ ಅವರು ಆಡಳಿತಕ್ಕೆ ಸಂಬಂಧಿಸಿದ ಆರೋಪಗಳ ದೊಡ್ಡ ಪಟ್ಟಿಯನ್ನೂ ಕೊಟ್ಟಿದ್ದರು. ಅಧಿಕಾರಿಗಳ ಆಡಳಿತ ಜನರು ಕೇಳಬೇಕಾದ ವಿಷಯವೇ. ಈಗ ನಮ್ಮೂರಿನ ಯಾರನ್ನಾದರೂ ಕೇಳಿ, ಆ ಪಟ್ಟಿಯ ಒಂದು ಆರೋಪ ನೆನಪಿದೆಯೇ ಅಂತ. ಚಿತ್ರ ಮಾತ್ರ ನೆನಪಿರುತ್ತದೆ.

ಫೆಬ್ರವರಿ 21ರಂದು ಸರ್ಕಾರ ಇಬ್ಬರನ್ನೂ ಹುದ್ದೆ ತೋರಿಸದೆ ಎತ್ತಂಗಡಿ ಮಾಡಿತು. ರೋಹಿಣಿ ಅವರು ಬೆಂಗಳೂರಿನ ನ್ಯಾಯಾಲಯಕ್ಕೆ ಹೋಗಿ, ತಮ್ಮ ವಿರುದ್ಧ ಹೀಗೆ ಹಾಕದಂತೆ ತಾತ್ಕಾಲಿಕ ತಡೆ ತಂದರು. ಮಾನನಷ್ಟ ಮೊಕದ್ದಮೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಅಲ್ಲಿ 2023ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿಗಳು ಇಬ್ಬರೂ ರಾಜಿ ಮಾಡಿಕೊಳ್ಳಿ ಅಂದರು, ಹಾಕಿದ ಪೋಸ್ಟ್‌ಗಳನ್ನು ತೆಗೆಯಲು ಹೇಳಿದರು. ಫೇಸ್‌ಬುಕ್‌ನಿಂದ ತೆಗೆಯಬಹುದು. ಹತ್ತು ತಿಂಗಳಲ್ಲಿ ಎಷ್ಟು ಫೋನಿನ ಗ್ಯಾಲರಿಗೆ ಇಳಿದಿರುತ್ತದೋ, ಅಲ್ಲಿಂದ ತೆಗೆಸುವವರು ಯಾರು? ಇಬ್ಬರಲ್ಲಿ ಯಾರು ಸರಿ ಅನ್ನುವುದು ನಮ್ಮ ಮಾತಲ್ಲ. ಕಾನೂನು ಬಲ್ಲ, ವಕೀಲರನ್ನಿಡುವ ಶಕ್ತಿ ಇದ್ದ ಅಧಿಕಾರಿಗೇ ಇಷ್ಟು ಓಡಾಟವಾದರೆ, ಸವದತ್ತಿ ತಾಲ್ಲೂಕಿನ ಹಳ್ಳಿಯಿಂದ ಬಸ್ ಪಾಸಿನಲ್ಲಿ ಕಾಲೇಜಿಗೆ ಬರುವ ಹುಡುಗಿಯ ಗತಿ ಏನು ಅನ್ನುವುದು ನಮ್ಮ ಮಾತು.

ಹೊರಗಿನ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇವೆ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ದೆಹಲಿಯ ಶಾಲಾ ಹುಡುಗರ ಇನ್‌ಸ್ಟಾಗ್ರಾಂ ಗ್ರೂಪಿನ ಸ್ಕ್ರೀನ್‌ಶಾಟ್‌ಗಳು ದೇಶದ ತುಂಬ ಓಡಾಡಿದವು. ಹುಡುಗಿಯರ ಬಗ್ಗೆ ಹೊಲಸು ಮಾತಾಡಿದ ಗ್ರೂಪ್ ಅದು. ಅದು ಸುಳ್ಳಲ್ಲ. ಆದರೆ ಅವುಗಳ ಜೊತೆ ಸ್ನ್ಯಾಪ್‌ಚಾಟ್‌ನ ಇನ್ನೊಂದು ಸ್ಕ್ರೀನ್‌ಶಾಟ್ ಸೇರಿಕೊಂಡಿತ್ತು. ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಮಾಡುವ ಮಾತು ಅದರಲ್ಲಿತ್ತು, ಜನ ಹೆಚ್ಚು ಕೆರಳಿದ್ದು ಅದರಿಂದ. ದೆಹಲಿ ಪೊಲೀಸರು ವಿಚಾರಿಸಿದಾಗ ಅದಕ್ಕೂ ಆ ಗ್ರೂಪಿಗೂ ಸಂಬಂಧವೇ ಇರಲಿಲ್ಲ. ಹುಡುಗನ ಹೆಸರಿನ ಸುಳ್ಳು ಖಾತೆಯಿಂದ ಆ ಮಾತು ಬರೆದದ್ದು ಒಬ್ಬ ಹುಡುಗಿ. ಎದುರಿನ ಹುಡುಗ ಏನು ಹೇಳುತ್ತಾನೆ, ಅವನ ನಡತೆ ಹೇಗಿದೆ ಅಂತ ಪರೀಕ್ಷೆ ಮಾಡಲು ಬರೆದಿದ್ದಳಂತೆ. ಅವನು ಅದಕ್ಕೆ ಒಪ್ಪಿರಲಿಲ್ಲ. ಎರಡು ಚಿತ್ರ ಒಂದೇ ಫಾರ್ವರ್ಡಿನಲ್ಲಿ ಬಂದರೆ ಅವೆರಡೂ ಒಂದೇ ಕಥೆ ಅಂತ ನಮ್ಮ ಮನಸ್ಸೇ ಹೊಲಿದುಬಿಡುತ್ತದೆ.

ಇದನ್ನೆಲ್ಲ ಹೇಳಿದರೆ ಊರಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಬೈಲಹೊಂಗಲದ ಹಿರಿಯರೊಬ್ಬರು ನಮಗೆ ನೇರವಾಗಿ ಕೇಳಿದರು: "ಹಂಗಾದ್ರ ತಮ್ಮಾ, ಲಂಚಾ ಕೇಳಿದ ಸಾಹೇಬ, ಹುಡಿಗ್ಯಾರ್ನ ಕಾಡೂ ಮಂದಿ, ಇವರದೆಲ್ಲ ಖಾಸಗಿ ಅಂತ ಬಿಟ್ಬಿಡೂದೇನು?"

ಇಲ್ಲ ಕಾಕಾ, ಬಿಡುವುದಲ್ಲ. ನೋಡಬೇಕಾದ್ದು ಚಿತ್ರ ತಂದವರು ಯಾರು ಅನ್ನುವುದು. ಮನೆ ಬಿಲ್ಲಿಗೆ ದುಡ್ಡು ಕೇಳಿದರು ಅಂತ ಒಬ್ಬ ರೈತ ತನ್ನ ಫೋನು ತಂದು ತೋರಿಸಿದರೆ, ಆ ಚಾಟಿನಲ್ಲಿ ಅವನೂ ಒಬ್ಬ ಪಾಲುದಾರ. ತನ್ನ ಮೇಲಾದ ಅನ್ಯಾಯ ಹೇಳಲು ತನ್ನದೇ ಮಾತು ತೋರಿಸುತ್ತಿದ್ದಾನೆ. ಎದುರಿಗಿರುವುದು ಸರ್ಕಾರಿ ಕೆಲಸ, ಸರ್ಕಾರಿ ದುಡ್ಡು. ಹಾಗೇ ಒಬ್ಬ ಹೆಣ್ಣುಮಗಳು ತನಗೆ ಬರುತ್ತಿರುವ ಕಾಟದ ಮೆಸೇಜು ತೋರಿಸಿದರೆ ಅದನ್ನು ನೋಡಬೇಕು, ನೋಡುವುದು ನಮ್ಮ ಕೆಲಸ. ಗುಡ್ಡದ ಕೆಳಗೆ ನಮಗೆ ಬಂದದ್ದು ಇಂಥದ್ದಲ್ಲ. ಯಾರು ಕಳಿಸಿದರು ಗೊತ್ತಿಲ್ಲ, ಯಾಕೆ ಕಳಿಸಿದರು ಗೊತ್ತಿಲ್ಲ, ಊರಿಗೆ ಅದರಿಂದ ಆಗಬೇಕಾದ ಕೆಲಸವೂ ಇಲ್ಲ. ಅಂಥದ್ದು ಖರೇ ಆಗಿದ್ದರೂ ನಮ್ಮದಲ್ಲ. ಖರೇ ಆಗಿದ್ದರೆ ಇನ್ನೂ ಹೆಚ್ಚು ನಮ್ಮದಲ್ಲ ಅನ್ನಬೇಕು.

ಆ ರೈತನ ಚಾಟನ್ನು ಈಗ ನಾವು ನೋಡುವ ರೀತಿ ಬದಲಾಗಿದೆ. ಸ್ಕ್ರೀನ್‌ಶಾಟ್ ಕಳಿಸಿ ಅನ್ನುವುದಿಲ್ಲ. ಅವರ ಊರಿಗೆ ಹೋಗಿ, ಅವರ ಕೈಯಲ್ಲೇ ಫೋನು ಇಟ್ಟುಕೊಂಡು ತೋರಿಸಿ ಅನ್ನುತ್ತೇವೆ. ಹೆಸರು ಒತ್ತಿ ನಂಬರ್ ನೋಡುತ್ತೇವೆ, ಅದು ಆ ಅಧಿಕಾರಿಯದೇ ಅಂತ ಬೇರೆ ಕಡೆಯಿಂದ ಖಾತ್ರಿ ಮಾಡಿಕೊಳ್ಳುತ್ತೇವೆ. ಮೇಲಕ್ಕೆ ಕೆಳಕ್ಕೆ ಸರಿಸಿ ದಿನಾಂಕ ನೋಡುತ್ತೇವೆ. ದುಡ್ಡಿನ ಮಾತಿರುವಷ್ಟನ್ನು ಮಾತ್ರ ಓದುತ್ತೇವೆ, ಮನೆಯ ಮಾತು ಬಂದರೆ ದಾಟಿ ಹೋಗುತ್ತೇವೆ. ಆಮೇಲೆ ಎದುರಿನವರನ್ನು ಕೇಳುತ್ತೇವೆ. ಅವರ ಫೋನಿನಲ್ಲಿ ಅದೇ ಚಾಟು ಪೂರ್ತಿ ಇರಬಹುದು. ಇಲ್ಲಿ ಅಳಿಸಿದ್ದು ಅಲ್ಲಿ ಉಳಿದಿರುತ್ತದೆ. ನಿಧಾನದ ಕೆಲಸ ಇದು, ಸ್ಟ್ರಿಂಗರ್‌ಗೆ ಸಿಗುವ ಸಾಲಿನ ಲೆಕ್ಕದ ದುಡ್ಡಿನಲ್ಲಿ ಪೆಟ್ರೋಲೂ ಹುಟ್ಟುವುದಿಲ್ಲ. ಆದರೂ ಇದೊಂದೇ ದಾರಿ ಅನ್ನಿಸಿದೆ.

ಕೋರ್ಟೂ ಬರೀ ಚಿತ್ರವನ್ನು ಹಾಗೇ ನಂಬುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಫೋನಿನಿಂದ ತೆಗೆದ ಪ್ರತಿಯನ್ನು ಸಾಕ್ಷಿ ಅಂತ ಕೊಡಬೇಕಾದರೆ ಅದು ಯಾವ ಸಾಧನದಿಂದ ಬಂತು, ಹೇಗೆ ಬಂತು ಅನ್ನುವ ಪ್ರಮಾಣಪತ್ರ ಜೊತೆಗಿರಬೇಕು. ಆದ್ದರಿಂದ ನಿಮಗೆ ಯಾರಾದರೂ ಕಾಟ ಕೊಡುತ್ತಿದ್ದರೆ ಮೂಲ ಚಾಟನ್ನು ಅಳಿಸಬೇಡಿ, ಫೋನು ಬದಲಿಸಿ ಹಳೆಯದನ್ನು ಮಾರಬೇಡಿ. ಗ್ರೂಪಿಗೆ ಹಾಕಿ ನ್ಯಾಯ ಕೇಳುವ ಬದಲು ಆ ಫೋನು ಹಿಡಿದು ಠಾಣೆಗೆ ಹೋಗಿ. ಬೆಳಗಾವಿಯಲ್ಲಿ ಇಂಥದ್ದಕ್ಕೆ ಸಿಇಎನ್ ಠಾಣೆ ಇದೆ, cybercrime.gov.in ನಲ್ಲೂ ದೂರು ಕೊಡಬಹುದು.

ಖಾಸಗಿತನ ಅನ್ನುವುದು ಪಟ್ಟಣದವರ ಶೋಕಿ ಅಂತ ಕೆಲವರು ನಗುತ್ತಾರೆ. ಅದು ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಒಬ್ಬ ಕನ್ನಡಿಗರ ಮೊಕದ್ದಮೆಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಚಾರವಾಗಿ ಆ ಮೊಕದ್ದಮೆ ಹೂಡಿದಾಗ ಎಂಬತ್ತು ದಾಟಿದ ವಯಸ್ಸು. ನಿಜ ಹೇಳಬೇಕೆಂದರೆ ನಮ್ಮ ಹಳ್ಳಿಗಳಿಗೆ ಇದನ್ನು ಕೋರ್ಟು ಕಲಿಸಬೇಕಾಗಿರಲಿಲ್ಲ. ಓದು ಬಾರದ ಅಜ್ಜಿಗೆ ಮಗನ ಪತ್ರ ಓದಿ ಹೇಳುತ್ತಿದ್ದದ್ದು ಪೋಸ್ಟಮ್ಯಾನ್. ಯಾರ ಮಗ ದುಡ್ಡು ಕಳಿಸಿಲ್ಲ, ಯಾರ ಸೊಸೆ ತವರಿಗೆ ಹೋಗಿದ್ದಾಳೆ, ಎಲ್ಲ ಅವನಿಗೆ ಗೊತ್ತು. ಮುಂದಿನ ಮನೆಯ ಕಟ್ಟೆ ಮೇಲೆ ಕೂತು ಅದನ್ನು ಹೇಳಿದ್ದರೆ ಅವನಿಗೆ ಆ ಓಣಿಯಲ್ಲಿ ಯಾರೂ ಒಂದು ತಂಬಿಗೆ ನೀರು ಕೊಡುತ್ತಿರಲಿಲ್ಲ.

ಈಗ ನಮ್ಮ ನಾಲ್ವರ ನಡುವೆ ಒಂದು ಕರಾರು ಇದೆ. ಚಾಟಿನ ಚಿತ್ರ ಬಂದರೆ ಬೆರಳಿಟ್ಟು ದೊಡ್ಡದು ಮಾಡುವಂತಿಲ್ಲ. ಸಣ್ಣದಿದ್ದಾಗಲೇ ಬಲಗಡೆ ಯಾರು, ಎಡಗಡೆ ಯಾರು ಅಂತ ನೋಡಬೇಕು, ಕಳಿಸಿದವರಿಗೆ ಫೋನು ಹಚ್ಚಿ ಕೇಳಬೇಕು: ಇದು ನಿಮ್ಮ ಚಾಟೇನು? ನಿಮ್ಮದಲ್ಲದಿದ್ದರೆ ನಿಮಗೆ ಕೊಟ್ಟವರು ಯಾರು? ಎಡಗಡೆ ಇರುವವರಿಗೆ ಇದು ಗೊತ್ತಿದೆಯೇ? ಹೆಚ್ಚಿನ ಸಲ ಮಾತು ಇಲ್ಲಿಗೇ ಮುಗಿಯುತ್ತದೆ. "ಗೊತ್ತಿಲ್ಲರಿ, ಬಂದಿತ್ತು, ಹಾಕಿದೆ" ಅನ್ನುತ್ತಾರೆ. ಆಗ ಅಳಿಸುತ್ತೇವೆ. ವಾಟ್ಸಾಪ್ ಸೆಟ್ಟಿಂಗಿನಲ್ಲಿ ಚಿತ್ರಗಳು ತಾವೇ ಇಳಿಯದಂತೆಯೂ ಮಾಡಿಟ್ಟಿದ್ದೇವೆ, ಇಲ್ಲದಿದ್ದರೆ ನಾವು ಬೇಡ ಅಂದರೂ ಗ್ಯಾಲರಿಯಲ್ಲಿ ಒಂದು ಪ್ರತಿ ಕೂತಿರುತ್ತದೆ, ಮಕ್ಕಳು ಗೇಮ್ ಆಡಲು ಫೋನು ತೆಗೆದುಕೊಂಡಾಗ ಕಾಣುತ್ತದೆ.

ಕರಾರು ಪ್ರತಿ ಸಲ ಉಳಿಯುತ್ತದೆ ಅಂತ ಹೇಳಲಾರೆವು. ಹೋದ ತಿಂಗಳು ರಾಮದುರ್ಗದವನು ಒಂದನ್ನು ಪೂರ್ತಿ ಓದಿಬಿಟ್ಟ. ಆಮೇಲೆ ನಮಗೆ ಫೋನು ಮಾಡಿ "ಓದಿದೆ, ಆದ್ರ ಏನಿತ್ತು ಅಂತ ನಿಮಗ ಹೇಳೂದಿಲ್ಲ" ಅಂದ. ನಾವೂ ಕೇಳಲಿಲ್ಲ. ಕೇಳದೆ ಇರುವುದು ಕಷ್ಟವಾಯಿತು.

ಗುಡ್ಡದ ಕೆಳಗೆ ಎಂಟು ಜನರಿಗೆ ಕಳಿಸಿದ್ದೆವಲ್ಲ, ಅವರಿಗೆಲ್ಲ ಫೋನು ಮಾಡಿ ಅಳಿಸಿ ಅಂತ ಕೇಳಿಕೊಂಡೆವು. ಐದು ಜನ ಅಳಿಸಿದ್ದೇವೆ ಅಂದರು. ಇಬ್ಬರು ಅಷ್ಟರಲ್ಲೇ ಮುಂದೆ ಕಳಿಸಿದ್ದರು. ಒಬ್ಬರಿಗೆ ಅದು ಯಾವ ಚಿತ್ರ ಅಂತಲೇ ನೆನಪಿರಲಿಲ್ಲ.